'ನೀವು ವಿಫಲರಾಗಿದ್ದೀರಿ': ಡೀಲರ್‌ಗೆ ಹೋಗುವ ಮೇಲ್‌ನಲ್ಲಿ ಸಾಫ್ಟ್‌ವೇರ್ ಕಣ್ಣಿಗೆ ಬೀಳದ್ದು

ಪಂಪ್‌ಸೆಟ್ ಮಾರುವ ಒಂದು ಕಂಪನಿಯಲ್ಲಿ ಕೆಲವು ವರ್ಷ ಡೀಲರ್‌ಗಳ ಜೊತೆಗಿನ ಪತ್ರವ್ಯವಹಾರ ನನ್ನ ಕೈಲಿತ್ತು. ಹೆಡ್ ಆಫೀಸಿನವರು ಇಂಗ್ಲಿಷಿನಲ್ಲಿ ಮೇಲ್ ಬರೆಯುತ್ತಿದ್ದರು. ಅದನ್ನು ಸಾಫ್ಟ್‌ವೇರ್‌ಗೆ ಹಾಕಿ ಕನ್ನಡ ಮಾಡಿ, ಹಾವೇರಿ, ದಾವಣಗೆರೆ, ಹಾಸನದ ಡೀಲರ್‌ಗಳಿಗೆ ಕಳಿಸುವುದು ನಮ್ಮ ಕೆಲಸ. ಒಂದು ಆಗಸ್ಟ್‌ನಲ್ಲಿ ಹಾವೇರಿ ಕಡೆಯ ಹಿರಿಯ ಡೀಲರ್ ಒಬ್ಬರಿಗೆ ಹೀಗೊಂದು ಮೇಲ್ ಹೋಯಿತು:

> ಆತ್ಮೀಯ (ಮುಂದೆ ಬರೀ ಹೆಸರು),
>
> ಇದು ಸೌಮ್ಯವಾದ ಜ್ಞಾಪನೆ. ಮೂರು ಸರಕುಪಟ್ಟಿಗಳ ಪಾವತಿಯನ್ನು ಇನ್ನೂ ಮಾಡಲಾಗಿಲ್ಲ ಎಂದು ಗಮನಿಸಲಾಗಿದೆ. ನಿಗದಿತ ಸಮಯದೊಳಗೆ ಪಾವತಿಸಲು ನೀವು ವಿಫಲರಾಗಿದ್ದೀರಿ. ದಯವಿಟ್ಟು ಲಗತ್ತಿಸಲಾದ ಹೇಳಿಕೆಯನ್ನು ಹುಡುಕಿ ಮತ್ತು ದಯವಿಟ್ಟು ಶುಕ್ರವಾರದೊಳಗೆ ₹184,000 ಪಾವತಿಸಿ. ನಮ್ಮ ಪ್ರದೇಶ ವ್ಯವಸ್ಥಾಪಕರು ಸೋಮವಾರ ನಿಮ್ಮನ್ನು ಭೇಟಿ ಮಾಡುತ್ತಾರೆ. ಅವಳು ನಿಮ್ಮ ಪ್ರಶ್ನೆಗಳಿಗೆ ಉತ್ತರಿಸುತ್ತಾಳೆ.
>
> ಅಭಿನಂದನೆಗಳು.

ಮಧ್ಯಾಹ್ನಕ್ಕೇ ಅವರ ಫೋನ್ ಬಂತು. ದನಿ ಏರಿರಲಿಲ್ಲ, ಬೇಜಾರಾಗಿತ್ತು. "ಇಪ್ಪತ್ತು ವರ್ಷದ ಮ್ಯಾಲೆ ನನಗ ನೋಟಿಸ್ ಕಳಿಸೀರಲ್ರೀ ಸರ್" ಅಂದರು. ಇಂಗ್ಲಿಷ್ ಮೇಲ್ ಬರೆದವರಿಗೆ ನೋಟಿಸ್ ಕಳಿಸುವ ಉದ್ದೇಶವೇ ಇರಲಿಲ್ಲ. ಅದು ಮೆದುವಾದ ಮೇಲ್ ಎಂದೇ ಅವರು ನಂಬಿದ್ದರು. ಅವರ ಕಂಪ್ಯೂಟರಿನಲ್ಲಿದ್ದ ಗ್ರಾಮರ್ ಚೆಕರ್ ಕೂಡ ಒಂದು ತಪ್ಪನ್ನೂ ತೋರಿಸಿರಲಿಲ್ಲ. ಕನ್ನಡದಲ್ಲೂ ಅಷ್ಟೇ, ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೂ ಅದು ಮನುಷ್ಯರು ಮನುಷ್ಯರಿಗೆ ಬರೆದ ಮೇಲ್ ಅಲ್ಲ, ಅಲ್ವಾ?

ಆ ಮೇಲನ್ನೇ ಎದುರಿಗಿಟ್ಟುಕೊಂಡು, ಇಂಥದ್ದನ್ನು ಸರಿಮಾಡುವುದು ಹೇಗೆ ಎಂದು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಮೊದಲು, ಯಾವ ಸಾಧನವನ್ನು ಎಷ್ಟು ನಂಬಬೇಕು

ಇಂಗ್ಲಿಷಿನ ಗ್ರಾಮರ್ ಚೆಕರ್‌ಗಳು ಈಗ ಧಾಟಿಯನ್ನೂ ಅಳೆಯುತ್ತವೆ. 'ಫ್ರೆಂಡ್ಲಿ', 'ಫಾರ್ಮಲ್', 'ಕಾನ್ಫಿಡೆಂಟ್' ಎಂದು ಪಟ್ಟಿ ಅಂಟಿಸುತ್ತವೆ. ಆ ಅಳತೆ ಇಂಗ್ಲಿಷ್ ಓದುವವರ ಕಿವಿಗೆ ಸೇರಿದ್ದು. ಆ ವಾಕ್ಯ ಕನ್ನಡವಾದ ಮೇಲೆ ಹೇಗೆ ಕೇಳುತ್ತದೆ ಎಂದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ.

ಇನ್ನು ಕನ್ನಡದ ಸ್ಪೆಲ್ ಚೆಕರ್. ಪದ ಅದರ ಪಟ್ಟಿಯಲ್ಲಿದೆಯೋ ಇಲ್ಲವೋ ಎಂದು ನೋಡುವುದೇ ಅದರ ಮುಖ್ಯ ಕೆಲಸ. ಕನ್ನಡದಲ್ಲಿ ಪದಕ್ಕೆ ಪದ ಅಂಟುತ್ತಾ ಹೋಗುತ್ತದೆ. 'ಕಳಿಸಿಕೊಡಬೇಕಾಗಿದೆಯಲ್ಲ' ಎಂದು ಬರೆದರೆ ಅದು ಸರಿಯಾದ ಪದವೇ, ಆದರೂ ಕೆಂಪು ಗೆರೆ ಬೀಳಬಹುದು. ಇಂಥ ಕೆಂಪು ಗೆರೆ ನೋಡಿ ನೋಡಿ ಅದನ್ನು ಗಮನಿಸುವುದನ್ನೇ ಬಿಟ್ಟುಬಿಡುತ್ತೇವೆ. ಅದೇ ಹೊತ್ತಿಗೆ 'ಹಣ' ಎನ್ನುವಲ್ಲಿ ಕೈತಪ್ಪಿ 'ಹೆಣ' ಎಂದು ಬಿದ್ದರೆ ಗೆರೆಯೇ ಬರುವುದಿಲ್ಲ. ಎರಡೂ ಪಟ್ಟಿಯಲ್ಲಿರುವ ಪದಗಳೇ. ಬಾಕಿ ಕೇಳುವ ಮೇಲ್‌ನಲ್ಲಿ ಆ ತಪ್ಪು ಹೋದರೆ ಕ್ಷಮೆ ಕೇಳಲು ಊರಿಗೇ ಹೋಗಬೇಕಾಗುತ್ತದೆ. ಹಾಗಾಗಿ ಮೇಲ್‌ನಲ್ಲಿ 'ಹಣ' ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಕಣ್ಣಿಟ್ಟು ಓದಿ.

ಅನುವಾದದ ಸಾಫ್ಟ್‌ವೇರ್ ಮಾತು ಬೇರೆ. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಸೇರಿದ್ದು 2011ರಲ್ಲಿ. ಆಗ ವಾಕ್ಯಗಳೇ ಸರಿಯಾಗಿ ಕೂಡುತ್ತಿರಲಿಲ್ಲ, ತಪ್ಪು ಕಣ್ಣಿಗೆ ಹೊಡೆಯುತ್ತಿತ್ತು. ಯಾರೂ ಅದನ್ನು ಹಾಗೆಯೇ ಡೀಲರ್‌ಗೆ ಕಳಿಸುತ್ತಿರಲಿಲ್ಲ. 2017ರಲ್ಲಿ ಕನ್ನಡಕ್ಕೂ ನ್ಯೂರಲ್ ವಿಧಾನ ಬಂದ ಮೇಲೆ ವಾಕ್ಯ ನಯವಾಯಿತು. ಕಷ್ಟ ಶುರುವಾದದ್ದೂ ಅಲ್ಲಿಂದಲೇ. ವಾಕ್ಯ ನೆಟ್ಟಗಿದ್ದರೆ ಮಾತೂ ನೆಟ್ಟಗಿದೆ ಎಂದು ನಂಬಿಬಿಡುತ್ತೇವೆ.

ಹೆಜ್ಜೆ 1: ಇಂಗ್ಲಿಷನ್ನೇ ಮೊದಲು ಬಿಡಿಸಿಕೊಳ್ಳಿ

ಅನುವಾದದ ಗುಂಡಿ ಒತ್ತುವ ಮೊದಲು ಮೂಲ ಮೇಲನ್ನು ಒಮ್ಮೆ ಓದಿ. ಅದರಲ್ಲಿ ಸುದ್ದಿ ಯಾವುದು, ಬರೀ ರೂಢಿಯ ಮಾತು ಯಾವುದು ಎಂದು ಬೇರೆ ಮಾಡಿ. ನಮ್ಮ ಮೇಲ್‌ನಲ್ಲಿದ್ದ ಸುದ್ದಿ ಇಷ್ಟೇ: ಮೂರು ಬಿಲ್ಲಿನ ಹಣ ಬಂದಿಲ್ಲ, ಮೊತ್ತ ಇಷ್ಟು, ಇಂಥ ದಿನದೊಳಗೆ ಬೇಕು, ಲೆಕ್ಕ ಜೊತೆಗಿದೆ, ಸೋಮವಾರ ಮ್ಯಾನೇಜರ್ ಬರುತ್ತಾರೆ.

ಉಳಿದದ್ದೆಲ್ಲ ಇಂಗ್ಲಿಷಿನ ಶಿಷ್ಟಾಚಾರ. 'ಜೆಂಟಲ್ ರಿಮೈಂಡರ್' ಎಂದರೆ ಇಂಗ್ಲಿಷಿನಲ್ಲಿ ಮಾತನ್ನು ಮೆತ್ತಗೆ ಶುರುಮಾಡುವ ರೀತಿ. ಕನ್ನಡದಲ್ಲಿ 'ಸೌಮ್ಯವಾದ ಜ್ಞಾಪನೆ' ಎಂದು ಯಾರೂ ಯಾರಿಗೂ ಹೇಳುವುದಿಲ್ಲ. 'ಪ್ಲೀಸ್ ಫೈಂಡ್ ಅಟ್ಯಾಚ್ಡ್' ಎಂಬುದರಲ್ಲಿ ಹುಡುಕುವ ಮಾತೇ ಇಲ್ಲ, ಕನ್ನಡಕ್ಕೆ ಬಂದರೆ ಡೀಲರ್ ಏನನ್ನೋ ಹುಡುಕಬೇಕಾಗುತ್ತದೆ. ಅದರ ಮೇಲೆ 'ಸ್ಟೇಟ್‌ಮೆಂಟ್' ಎನ್ನುವುದು 'ಹೇಳಿಕೆ' ಆಗಿ ಕೂತಿದೆ. ರಾಜಕಾರಣಿಗಳು ಕೊಡುವುದು ಹೇಳಿಕೆ. ಅಂಗಡಿಯವರಿಗೆ ಅದು ಲೆಕ್ಕದ ಪಟ್ಟಿ, ಇಲ್ಲವೇ ಸ್ಟೇಟ್‌ಮೆಂಟ್. 'ಸರಕುಪಟ್ಟಿ'ಯೂ ಅಷ್ಟೇ. ಪದಕೋಶದಲ್ಲಿದೆ, ಅಂಗಡಿಯಲ್ಲಿಲ್ಲ. ಅಲ್ಲಿ ಇರುವುದು ಬಿಲ್.

ಈ ರೂಢಿಯ ಮಾತುಗಳನ್ನು ಮೂಲದಲ್ಲೇ ಅಳಿಸಿ, ಸುದ್ದಿಯನ್ನು ಮಾತ್ರ ಚಿಕ್ಕ ಚಿಕ್ಕ ವಾಕ್ಯದಲ್ಲಿ ಇಟ್ಟು ಆಮೇಲೆ ಅನುವಾದಕ್ಕೆ ಕೊಡಿ. ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಕನ್ನಡದ ಶಿಷ್ಟಾಚಾರವನ್ನು ಕೊನೆಯಲ್ಲಿ ನೀವೇ ಸೇರಿಸಿಕೊಳ್ಳಬಹುದು.

ಹೆಜ್ಜೆ 2: ಕ್ರಿಯಾಪದದ ಬಾಲ ನೋಡಿ

ಕನ್ನಡದಲ್ಲಿ ಮರ್ಯಾದೆ ಇರುವುದು ಹೆಚ್ಚಾಗಿ ಪದದ ಕೊನೆಯಲ್ಲಿ. ಅನುವಾದವಾಗಿ ಬಂದದ್ದನ್ನು ಮೊದಲ ಸಲ ಓದುವಾಗ ಅರ್ಥವನ್ನು ಬದಿಗಿಟ್ಟು ಬಾಲಗಳನ್ನು ಮಾತ್ರ ಓದಿ. ಉದ್ದದ ಮೇಲ್ ಆದರೆ `Ctrl+F` ಒತ್ತಿ ಒಂದೊಂದಾಗಿ ಹುಡುಕಬಹುದು. ನಾನು ಹುಡುಕುತ್ತಿದ್ದದ್ದು ಇವನ್ನು: 'ಅವನ', 'ಅವಳ', 'ತ್ತಾನೆ', 'ತ್ತಾಳೆ', 'ದ್ದಾನೆ', 'ದ್ದಾಳೆ', 'ಲಾಗ', 'ವಿಫಲ'.

ಮೊದಲ ಆರು ಯಾಕೆ ಎಂದರೆ, ಇಂಗ್ಲಿಷಿನ 'ಹಿ', 'ಶಿ'ಗಳಲ್ಲಿ ಗಂಡು ಹೆಣ್ಣು ಗೊತ್ತಾಗುತ್ತದೆ, ಮರ್ಯಾದೆ ಗೊತ್ತಾಗುವುದಿಲ್ಲ. ನಮಗೆ ಎರಡೂ ಬೇಕು. ನಮ್ಮ ಮೇಲ್‌ನಲ್ಲಿ ಒಂದು ವಿಚಿತ್ರ ಆಗಿದೆ ನೋಡಿ. ಮ್ಯಾನೇಜರ್ ಎಂಬ ಪದ ಇದ್ದ ವಾಕ್ಯದಲ್ಲಿ ಸಾಫ್ಟ್‌ವೇರ್ 'ಭೇಟಿ ಮಾಡುತ್ತಾರೆ' ಎಂದು ಸರಿಯಾಗಿ ಹಾಕಿದೆ. ಮುಂದಿನ ವಾಕ್ಯದಲ್ಲಿ ಬರೀ 'ಶಿ' ಇತ್ತು. ಅಲ್ಲಿ 'ಅವಳು ಉತ್ತರಿಸುತ್ತಾಳೆ' ಆಗಿಬಿಟ್ಟಿತು. ಹಿಂದಿನ ವಾಕ್ಯದ ಮರ್ಯಾದೆ ಮುಂದಿನದಕ್ಕೆ ದಾಟಲಿಲ್ಲ. ಡೀಲರ್ ಇದನ್ನು ಓದಿ ಏನೆಂದುಕೊಳ್ಳಬೇಕು? ಕಂಪನಿಯವರೇ ತಮ್ಮ ಮ್ಯಾನೇಜರನ್ನು 'ಅವಳು' ಅಂದರೆ ಸೋಮವಾರ ಆ ಮೇಡಂ ಹೋಗಿ ಕೂತಾಗ ಅವರ ಮಾತಿಗೆ ಎಷ್ಟು ಬೆಲೆ ಉಳಿಯುತ್ತದೆ?

'ಲಾಗ' ಹುಡುಕುವುದು ಇನ್ನೊಂದು ಕಾರಣಕ್ಕೆ. 'ಮಾಡಲಾಗಿಲ್ಲ', 'ಗಮನಿಸಲಾಗಿದೆ', 'ತಡೆಹಿಡಿಯಲಾಗುವುದು' ಎಲ್ಲವೂ ಅದರಲ್ಲಿ ಸಿಗುತ್ತವೆ. ಇಂಗ್ಲಿಷಿನಲ್ಲಿ ಕರ್ಮಣಿ ಪ್ರಯೋಗ ಮಾಡುವುದು ಯಾರ ಕಡೆಗೂ ಬೆರಳು ತೋರಿಸದಿರಲಿ ಎಂದು. ಅದು ಅಲ್ಲಿ ಮೆದು. ಕನ್ನಡದಲ್ಲಿ ಅದೇ ರೂಪ ನಮಗೆ ಎಲ್ಲಿಂದ ಪರಿಚಯ? ಕಚೇರಿಯ ನೋಟಿಸ್ ಬೋರ್ಡಿನಿಂದ, ಕೋರ್ಟಿನ ಕಾಗದದಿಂದ, ಕರೆಂಟ್ ತೆಗೆಯುತ್ತೇವೆ ಎನ್ನುವ ಚೀಟಿಯಿಂದ. ಆ ಹಿರಿಯರಿಗೆ 'ನೋಟಿಸ್' ಎನಿಸಿದ್ದು ಮುಖ್ಯವಾಗಿ ಈ ಬಾಲದಿಂದಲೇ ಎಂದು ನನಗೆ ಅನಿಸುತ್ತದೆ.

ಹಾಗಾದರೆ ಕನ್ನಡದಲ್ಲಿ ಬೆರಳು ತೋರಿಸದೆ ಹೇಳುವುದು ಹೇಗೆ? ಮನುಷ್ಯನನ್ನು ಬಿಟ್ಟು ವಸ್ತುವನ್ನು ಮುಂದೆ ಮಾಡಿ. 'ನೀವು ಹಣ ಕಳಿಸಿಲ್ಲ' ಎಂಬುದು ಆರೋಪ. 'ಪಾವತಿ ಮಾಡಲಾಗಿಲ್ಲ' ಎಂಬುದು ನೋಟಿಸ್. 'ಹಣ ಇನ್ನೂ ಬಂದಿಲ್ಲ' ಎಂಬುದು ಸುದ್ದಿ. ನಾವು ಮನೆಯಲ್ಲೂ ಹಾಗೇ ತಾನೇ ಮಾತಾಡುವುದು? ಲೋಟ ಒಡೆದರೆ, ಒಡೆದವರು ಎದುರಿಗೇ ನಿಂತಿದ್ದರೂ, 'ಲೋಟ ಬಿತ್ತು' ಅನ್ನುತ್ತೇವೆ. 'ಲಾಗ' ಸಿಕ್ಕ ಕಡೆಯೆಲ್ಲ ಈ ಒಂದು ಬದಲಾವಣೆ ಮಾಡಿ ನೋಡಿ.

'ವಿಫಲ' ಸಿಕ್ಕರೆ ಯೋಚನೆ ಬೇಡ, ಆ ವಾಕ್ಯವನ್ನೇ ತೆಗೆಯಿರಿ. ಇಂಗ್ಲಿಷಿನಲ್ಲಿ 'ಫೇಲ್ಡ್ ಟು' ಎಂದರೆ 'ಆಗಲಿಲ್ಲ' ಎಂಬಷ್ಟೇ ಅರ್ಥವಾಗುವುದುಂಟು. ಕನ್ನಡದಲ್ಲಿ 'ವಿಫಲರಾಗಿದ್ದೀರಿ' ಅಂದರೆ ಆ ಮನುಷ್ಯನೇ ಕೈಲಾಗದವನು ಎಂದಂತೆ.

ಒಂದು ಮಾತು: 'ನುಡಿ' ಅಥವಾ 'ಬರಹ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪ್ ಮಾಡಿದ ಕಡತವಾದರೆ ಈ ಹುಡುಕಾಟ ನಡೆಯುವುದಿಲ್ಲ, ಅನುವಾದವೂ ಆಗುವುದಿಲ್ಲ. ಮೊದಲು ಅದನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು.

ಹೆಜ್ಜೆ 3: 'ದಯವಿಟ್ಟು' ತೆಗೆದು ಕೋರಿಕೆಯನ್ನು ಪದದೊಳಗೆ ಇಡಿ

ಇಂಗ್ಲಿಷಿನಲ್ಲಿ ಪ್ರತಿ ಕೋರಿಕೆಗೂ 'ಪ್ಲೀಸ್' ಬೇಕು. ಸಾಫ್ಟ್‌ವೇರ್ ಪ್ರತಿಯೊಂದಕ್ಕೂ 'ದಯವಿಟ್ಟು' ಇಡುತ್ತದೆ. ಕನ್ನಡದಲ್ಲಿ ಅದು ಭಾರದ ಪದ. ಮಾತಿನಲ್ಲಿ ನಾವು ಅದನ್ನು ಬಳಸುವುದು ನಿಜವಾಗಿ ಕಷ್ಟದಲ್ಲಿದ್ದಾಗ, ಇಲ್ಲವೇ ತಾಳ್ಮೆ ಮುಗಿದಾಗ. 'ದಯವಿಟ್ಟು ಇಲ್ಲಿ ಗಾಡಿ ನಿಲ್ಲಿಸಬೇಡಿ' ಎಂಬ ಬೋರ್ಡನ್ನು ನೆನಪಿಸಿಕೊಳ್ಳಿ. ಒಂದೇ ವಾಕ್ಯದಲ್ಲಿ ಎರಡು ಸಲ ಬಂದರೆ ಸಿಟ್ಟಿನಲ್ಲಿ ಹಲ್ಲು ಕಚ್ಚಿ ಹೇಳಿದಂತೆ ಕೇಳುತ್ತದೆ.

ಕನ್ನಡದ ವಿನಯ ಬೇರೆ ಕಡೆ ಇದೆ. 'ಕಳಿಸಿ' ಎಂದರೆ ಮರ್ಯಾದೆಯ ಆಜ್ಞೆ. 'ಕಳಿಸಿಕೊಡಿ' ಎಂದಾಗ ಆ 'ಕೊಡಿ' ಎಂಬುದೇ ಕೋರಿಕೆ. 'ಕಳಿಸಿಕೊಟ್ಟರೆ ಅನುಕೂಲ ಆಗುತ್ತದೆ' ಎಂದಾಗ ತೀರ್ಮಾನ ಅವರ ಕೈಗೇ ಹೋಗುತ್ತದೆ. 'ಕಳಿಸಿಕೊಡಬೇಕಾಗಿ ಕೋರಿಕೆ' ಎಂಬುದು ಅರ್ಜಿಯ ಧಾಟಿ. ಇಪ್ಪತ್ತು ವರ್ಷದ ಡೀಲರ್‌ಗೆ, ಮೊದಲ ಸಲ ಬಾಕಿ ಕೇಳುವಾಗ, ನಾನು ಮೂರನೆಯದನ್ನು ಆರಿಸುತ್ತೇನೆ. ಮೂರನೇ ಮೇಲ್ ಹೊತ್ತಿಗೂ ಉತ್ತರ ಇಲ್ಲದಿದ್ದರೆ 'ಕಳಿಸಿಕೊಡಿ' ಸಾಕು. ಗಟ್ಟಿಯಾಗಿ ಹೇಳಲೇಬೇಕಾದಾಗ ಗಟ್ಟಿಯಾಗಿಯೇ ಹೇಳಬೇಕು, ನಾನು ಅದಕ್ಕೆ ಅಡ್ಡ ಬರುವವನಲ್ಲ. ಆದರೆ ಎಷ್ಟು ಗಟ್ಟಿ ಎಂದು ನೀವು ಆರಿಸಬೇಕು, ಸಾಫ್ಟ್‌ವೇರ್ ಆರಿಸಬಾರದು.

ಹೆಜ್ಜೆ 4: ದಿನ, ಅಂಕಿ, ಹೆಸರು

'ಶುಕ್ರವಾರದೊಳಗೆ' ಎಂದು ಇತ್ತಲ್ಲ, ಅದರಿಂದಲೂ ಎಡವಟ್ಟಾಯಿತು. ಶುಕ್ರವಾರ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದು ಎಂದು ನಂಬುವ ವ್ಯಾಪಾರಿಗಳು ನಮ್ಮಲ್ಲಿ ಸಾಕಷ್ಟಿದ್ದಾರೆ. ಸಂಜೆ ದೀಪ ಹಚ್ಚಿದ ಮೇಲಂತೂ ಹಣ ಎಣಿಸಿ ಕೊಡುವುದಿಲ್ಲ. ಶುಕ್ರವಾರದ ಗಡುವು ಅವರಿಗೆ ನಿಜವಾಗಿ ಗುರುವಾರದ ಗಡುವು, ಇಲ್ಲವೇ ಶನಿವಾರಕ್ಕೆ ಜಾರುವ ಗಡುವು. ಗುರುವಾರ ಎಂದೇ ಬರೆದರೆ ನಂಬಿಕೆಗೂ ತೊಂದರೆ ಇಲ್ಲ, ಹಣವೂ ಬೇಗ ಬರುತ್ತದೆ. ಹೊಸ ಆರ್ಡರ್ ಕೇಳುವಾಗ ಆಷಾಢ, ಪಿತೃಪಕ್ಷ ಯಾವಾಗ ಎಂದು ಕ್ಯಾಲೆಂಡರ್ ನೋಡಿಕೊಳ್ಳುವುದೂ ಒಳ್ಳೆಯದು. ಎಲ್ಲರೂ ಪಾಲಿಸುತ್ತಾರೆ ಎಂದಲ್ಲ. ಪಾಲಿಸುವವರಿಗೆ ಬೇಸರ ಆಗದಿರಲಿ ಎಂದು.

₹184,000 ಎಂದು ಬಂದರೆ ₹1,84,000 ಮಾಡಿ. 'ಆತ್ಮೀಯ' ಎಂದು ಬರೆದು ಹಿರಿಯರ ಬರೀ ಹೆಸರು ಇಡಬೇಡಿ. 'ಸರ್, ನಮಸ್ಕಾರ' ಸಾಕು. ಹೆಸರು ಬರೆಯಲೇಬೇಕಾದರೆ ಮುಂದೆ 'ಅವರಿಗೆ' ಇರಲಿ. ಕೊನೆಯ 'ಅಭಿನಂದನೆಗಳು' ಪೂರ್ತಿ ತಪ್ಪು. ಬಾಕಿ ಕೇಳಿ ಅಭಿನಂದಿಸಿದರೆ ಅದು ಚುಚ್ಚಿದಂತೆ. ಅಲ್ಲಿ 'ವಂದನೆಗಳು' ಅಥವಾ 'ಇಂತಿ' ಬರಬೇಕು.

ಹೆಜ್ಜೆ 5: ಮುಖ ನೋಡಿ ಹೇಳಬಹುದೇ ಎಂದು ಕೇಳಿಕೊಳ್ಳಿ

ಅನುವಾದ ಸರಿಯಾಗಿದೆಯೇ ಎಂದು ತಿಳಿಯಲು ಹಲವರು ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ನೋಡುತ್ತಾರೆ. ಮೊತ್ತ, ದಿನಾಂಕ ತಪ್ಪಿದ್ದರೆ ಅದರಲ್ಲಿ ಸಿಗುತ್ತದೆ. ಧಾಟಿ ತಪ್ಪಿದ್ದರೆ ಸಿಗುವುದಿಲ್ಲ. 'ಅವಳು' ತಿರುಗಿ 'ಶಿ' ಆಗುತ್ತದೆ, 'ಗಮನಿಸಲಾಗಿದೆ' ತಿರುಗಿ ಅದೇ ಮೆದುವಾದ ಕರ್ಮಣಿ ಆಗುತ್ತದೆ. ಮೂಲದ ಹಾಗೇ ಕಾಣುವುದರಿಂದ ಎಲ್ಲ ಸರಿಯಿದೆ ಎನಿಸುತ್ತದೆ. ಕನ್ನಡದಲ್ಲಿ ಆದ ಗಾಯ ಇಂಗ್ಲಿಷಿನಲ್ಲಿ ಕಾಣುವುದಿಲ್ಲ.

ಅದರ ಬದಲು ಮೇಲನ್ನು ಗಟ್ಟಿಯಾಗಿ ಓದಿ. ಆ ಡೀಲರ್ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಅವರ ಮುಖ ನೋಡಿ ಈ ಮಾತು ಹೇಳಬಲ್ಲಿರಾ? ನಾಲಿಗೆ ಎಲ್ಲಿ ತಡವರಿಸುತ್ತದೋ ಅಲ್ಲೇ ತಿದ್ದಬೇಕು. ಹೀಗೆಲ್ಲ ತಿದ್ದಿದ ಮೇಲೆ ಆ ಮೇಲ್ ಹೀಗಾಯಿತು:

> ಸರ್, ನಮಸ್ಕಾರ.
>
> ಆ ಕಡೆ ಮಳೆ ಹೇಗಿದೆ? ಮೊನ್ನೆಯ ಮೇಲ್‌ನ ಮಾತು ಒರಟಾಗಿತ್ತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.
>
> ಜೂನ್ ತಿಂಗಳ ಮೂರು ಬಿಲ್ಲಿನ ಹಣ ₹1,84,000 ಇನ್ನೂ ನಮ್ಮ ಖಾತೆಗೆ ಬಂದಿಲ್ಲ. ಲೆಕ್ಕದ ಪಟ್ಟಿಯನ್ನು ಈ ಮೇಲ್ ಜೊತೆ ಇಟ್ಟಿದ್ದೇನೆ. ನಿಮ್ಮ ಪುಸ್ತಕದ ಜೊತೆ ಒಮ್ಮೆ ತಾಳೆ ನೋಡಿ, ವ್ಯತ್ಯಾಸ ಇದ್ದರೆ ತಿಳಿಸಿ. 21ರ ಗುರುವಾರದೊಳಗೆ ಕಳಿಸಿಕೊಟ್ಟರೆ ಮುಂದಿನ ಲೋಡ್ ತಡವಾಗದಂತೆ ನೋಡಿಕೊಳ್ಳಲು ನಮಗೂ ಅನುಕೂಲ ಆಗುತ್ತದೆ.
>
> ನಮ್ಮ ಏರಿಯಾ ಮ್ಯಾನೇಜರ್ ಮೇಡಂ ಸೋಮವಾರ ಆ ಕಡೆ ಬರುತ್ತಿದ್ದಾರೆ. ಏನಾದರೂ ಇದ್ದರೆ ಅವರ ಹತ್ತಿರ ಮಾತಾಡಬಹುದು.
>
> ವಂದನೆಗಳು.

ಮೊತ್ತ ಕಡಿಮೆಯಾಗಿಲ್ಲ, ಗಡುವು ಒಂದು ದಿನ ಮುಂಚೆಯೇ ಆಗಿದೆ. 'ಹಣ ಬಾರದಿದ್ದರೆ ಲೋಡ್ ಇಲ್ಲ' ಎಂಬ ಮಾತು ಕೂಡ ಒಳಗೇ ಇದೆ. ಎಷ್ಟೋ ವರ್ಷ ವ್ಯಾಪಾರ ಮಾಡಿದವರಿಗೆ ಅದು ತಿಳಿಯದೇ ಇರುವುದಿಲ್ಲ.

ಹೆಜ್ಜೆ 6: ಬಂದ ಉತ್ತರವನ್ನೂ ಸಾಫ್ಟ್‌ವೇರ್ ಕೈಗೆ ಬಿಡಬೇಡಿ

ಮರುದಿನ ಅವರ ಉತ್ತರ ಬಂತು:

> ನಮಸ್ಕಾರ ಸರ್. ಮೇಲ್ ಬಂದೈತಿ. ಈ ಸಲ ಮಳಿ ಕೈ ಕೊಟ್ಟೈತಿ. ರೈತರ ಕಡೆಯಿಂದ ವಸೂಲಿ ಇಲ್ಲ. ಹಬ್ಬ ಆಗ್ಲಿ, ನೋಡೋಣು. ನಿಮ್ಮ ರೊಕ್ಕ ಎಲ್ಲೂ ಹೋಗಂಗಿಲ್ಲ. ಲೋಡ್ ಸ್ವಲ್ಪ ಲಗೂ ಕಳ್ಸ್ರಿ. ಮೇಡಂ ಬಂದಾಗ ಅವರು ಊಟಕ್ಕ ಮನಿಗೇ ಬರ್ಲಿ.

ಇದನ್ನು ಹೆಡ್ ಆಫೀಸಿಗಾಗಿ ಇಂಗ್ಲಿಷ್ ಮಾಡಬೇಕಿತ್ತು. ಸಾಫ್ಟ್‌ವೇರ್ ಕೊಟ್ಟದ್ದರಲ್ಲಿ ಮಳೆ 'ನೆರವಿನ ಕೈ ಚಾಚಿತ್ತು'. ಕೈ ಕೊಡುವುದು ಎಂದರೆ ನಮ್ಮಲ್ಲಿ ನಂಬಿದವರನ್ನು ನಡುನೀರಿನಲ್ಲಿ ಬಿಡುವುದು. ಇಂಗ್ಲಿಷಿಗೆ ಹೋದಾಗ ಅರ್ಥ ಪೂರ್ತಿ ತಿರುಗಿತು. ಮಳೆ ಚೆನ್ನಾಗಿ ಆಗಿದ್ದರೆ ಹಣ ಯಾಕೆ ಇಲ್ಲ ಎಂದು ಮೇಲಿನವರು ಕೇಳುವುದು ಸಹಜವೇ. 'ಎಲ್ಲೂ ಹೋಗಂಗಿಲ್ಲ' ಎಂಬುದು ಭರವಸೆ. ಅದು ಇಂಗ್ಲಿಷಿನಲ್ಲಿ ಉಡಾಫೆಯ ಹಾಗೆ ಕೇಳಿತು. 'ಸ್ವಲ್ಪ ಲಗೂ' ಎನ್ನುವಲ್ಲಿ 'ಸ್ವಲ್ಪ' ಇರುವುದು ಮಾತು ಮೆದುವಾಗಲಿ ಎಂದು. ಅದನ್ನು ಅಳತೆ ಎಂದುಕೊಂಡರೆ 'ಸ್ವಲ್ಪ ಲೋಡ್ ಕಳಿಸಿ' ಎಂದಾಗಿ ಅರ್ಧ ಲಾರಿ ಮಾಲು ಹೊರಡಬಹುದು. ಮೇಡಂ ಬಗ್ಗೆ ಹೇಳಿದ 'ಅವರು' ಬಹುವಚನ ಆಯಿತು, ಊಟಕ್ಕೆ ಎಷ್ಟು ಜನ ಎಂದು ಗೊಂದಲ. ಆ ಕಡೆ ಅಂಗಡಿ, ಬೆಲ್ಲದ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳೂ ಇವೆ. 'ಅಂಗಡಿಯವರು ಹಣ ಕೊಟ್ಟರು' ಎಂದರೆ ಆ ಹೆಸರಿನವರೋ, ಯಾವುದೋ ಅಂಗಡಿಯ ಮಾಲೀಕರೋ ಎಂದು ಗೊತ್ತಿದ್ದವರಿಗೇ ಗೊತ್ತು.

ಎಲ್ಲಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದು 'ಹಬ್ಬ ಆಗ್ಲಿ, ನೋಡೋಣು' ಎಂಬ ಮೂರು ಪದಕ್ಕೆ. ನೋಡೋಣ ಎಂದರೆ ಒಪ್ಪಿಗೆ ಅಲ್ಲ, ಪೂರ್ತಿ ಇಲ್ಲ ಎಂದೂ ಅಲ್ಲ. ಮುಖಕ್ಕೆ ಹೊಡೆದಂತೆ 'ಆಗಲ್ಲ' ಎನ್ನಬಾರದು ಎಂದು ಹೇಳುವ ಮಾತು. ಇನ್ನು ಹಬ್ಬ ಯಾವುದು? ಆಗಸ್ಟಿನಲ್ಲಿ ಹೇಳಿದ್ದು, ಗಣೇಶ ಚೌತಿ ಇರಬಹುದು. ಹೊಸ ಲೆಕ್ಕದ ಪುಸ್ತಕ ತೆರೆಯುವ ದೀಪಾವಳಿಯೂ ಇರಬಹುದು. ನಡುವೆ ಸುಮಾರು ಎರಡು ತಿಂಗಳ ಅಂತರ. ಇದನ್ನು ಯಾವ ಅನುವಾದವೂ ಬಿಡಿಸಲಾರದು, ಏಕೆಂದರೆ ಉತ್ತರ ಮೇಲ್‌ನಲ್ಲಿ ಇಲ್ಲವೇ ಇಲ್ಲ. ಇಂಥ ಕಡೆ ಫೋನ್ ಮಾಡಬೇಕು. ನಾನು ಮಾಡಿದೆ. "ದೀಪಾವಳಿ ಪೂಜಿಗೆ ಪುಸ್ತಕ ಚೊಕ್ಕ ಇರ್ತೈತಿ ಸರ್. ಚೌತಿಗೆ ಅರ್ಧ ಹಾಕ್ತೀನಿ" ಅಂದರು.

ಹೆಡ್ ಆಫೀಸಿಗೆ ನಾನು ಅನುವಾದ ಕಳಿಸಲಿಲ್ಲ. ಇಂಗ್ಲಿಷಿನಲ್ಲಿ ನಾಲ್ಕು ಸಾಲು ನಾನೇ ಬರೆದೆ: ಆ ಭಾಗದಲ್ಲಿ ಮಳೆ ಕೊರತೆ, ರೈತರಿಂದ ವಸೂಲಿ ನಿಂತಿದೆ. ಅರ್ಧ ಹಣ ಗಣೇಶ ಚೌತಿಗೆ, ಉಳಿದದ್ದು ದೀಪಾವಳಿಗೆ ಮೊದಲು ಬರುತ್ತದೆ ಎಂದು ಫೋನಿನಲ್ಲಿ ಹೇಳಿದ್ದಾರೆ. ಪೂರ್ತಿ ಲೋಡ್ ಬೇಗ ಬೇಕು ಎಂದು ಕೇಳಿದ್ದಾರೆ. ಮೇಡಂ ಅವರನ್ನು ಮನೆಗೆ ಊಟಕ್ಕೆ ಕರೆದಿದ್ದಾರೆ, ಬೇಡ ಎನ್ನಬಾರದು.

ಕೊನೆಯ ಸಾಲು ಯಾಕೆ ಬೇಕು ಎಂದು ಮೇಲಿನವರು ಕೇಳಿದರು. ನೋಟಿಸ್ ಕಳಿಸಿದಿರಿ ಎಂದು ನೊಂದುಕೊಂಡಿದ್ದವರು ಊಟಕ್ಕೆ ಕರೆಯುತ್ತಿದ್ದಾರೆ ಅಂದೆ. ಸೋಮವಾರ ಮೇಡಂ ಹೋಗಿ ಊಟ ಮಾಡಿ ಬಂದರು.